ಹೋಟೆಲ್ ಪಾಯಿಂಟ್ ಯೋಜನೆಯ ನಿಯಮಗಳನ್ನು ಗ್ರಾಹಕರಿಗೆ ಅರ್ಥವಾಗುವಂತೆ ಬರೆಯುವುದು ಹೇಗೆ?

ಮೈಸೂರು, ಮಂಡ್ಯ, ಶ್ರೀರಂಗಪಟ್ಟಣದ ಕಡೆ ಎರಡೋ ಮೂರೋ ಶಾಖೆಗಳನ್ನು ನಡೆಸುವ ಹೋಟೆಲ್ ಮಾಲೀಕರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. ಬಿಲ್ಲಿಂಗ್ ಸಾಫ್ಟ್‌ವೇರ್‌ನವರು ಬಂದು ಪಾಯಿಂಟ್ ಯೋಜನೆಯನ್ನು ಜೋಡಿಸಿಕೊಟ್ಟು ಹೋಗಿರುತ್ತಾರೆ, ಗ್ರಾಹಕರ ಮೊಬೈಲ್ ಸಂಖ್ಯೆ ಹಾಕಿದರೆ ಪಾಯಿಂಟ್ ಸೇರುತ್ತದೆ, ಆದರೆ ಕ್ಯಾಷ್ ಕೌಂಟರಿನ ಪಕ್ಕದಲ್ಲಿ ಅಂಟಿಸಬೇಕಾದ ನಿಯಮಗಳ ಹಾಳೆಯಲ್ಲಿ ಏನು ಬರೆಯಬೇಕು ಎಂಬುದನ್ನು ಅವರು ಹೇಳಿರುವುದಿಲ್ಲ. ಹೆಚ್ಚಿನವರು ಯಾವುದೋ ದೊಡ್ಡ ಕಂಪನಿಯ ನಿಯಮಗಳನ್ನು ನಕಲು ಮಾಡಿ ಹಾಕುತ್ತಾರೆ. ಅದನ್ನು ಗ್ರಾಹಕರು ಓದುವುದಿಲ್ಲ, ಕ್ಯಾಷಿಯರ್‌ಗೆ ಅದು ಅರ್ಥವಾಗುವುದಿಲ್ಲ, ಜಗಳ ಬಂದ ದಿನ ಮಾಲೀಕರಿಗೂ ಅದರಿಂದ ಪ್ರಯೋಜನವಾಗುವುದಿಲ್ಲ.

ಈ ಲೇಖನ ಅಂಥ ಮಾಲೀಕರಿಗಾಗಿ. ಪಾಯಿಂಟ್ ಹೇಗೆ ಸೇರುತ್ತದೆ, ಯಾವಾಗ ಮುಗಿಯುತ್ತದೆ, ಹೇಗೆ ಬಳಸಬೇಕು ಎಂಬ ಮೂರು ವಿಷಯಗಳನ್ನು ಹಂತ ಹಂತವಾಗಿ ನೋಡೋಣ. ಇವುಗಳಲ್ಲಿ ಅವಧಿಯ ನಿಯಮಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಏಕೆಂದರೆ ಗ್ರಾಹಕರ ಮನಸ್ಸು ಮುರಿಯುವುದು ಬಹುತೇಕ ಅಲ್ಲಿಯೇ.

ಬರೆಯಲು ಕೂರುವ ಮೊದಲು ಮೂರು ವಿಷಯಗಳನ್ನು ಕೈಯಲ್ಲಿಟ್ಟುಕೊಳ್ಳಿ. ಮೊದಲನೆಯದು, ನಿಮ್ಮ ಶಾಖೆಗಳಲ್ಲಿ ಒಂದು ಸಾಮಾನ್ಯ ವಾರದ ಬಿಲ್ಲುಗಳ ಪಟ್ಟಿ. ಎರಡನೆಯದು, ನೀವು ಜಿಎಸ್‌ಟಿಯ ಸಾಮಾನ್ಯ ಪದ್ಧತಿಯಲ್ಲಿದ್ದೀರೋ ಕಾಂಪೊಸಿಷನ್ ಪದ್ಧತಿಯಲ್ಲಿದ್ದೀರೋ ಎಂಬ ಮಾಹಿತಿ. ಕಾಂಪೊಸಿಷನ್ ಎಂದರೆ ಸಣ್ಣ ವ್ಯಾಪಾರಿಗಳು ಗ್ರಾಹಕರಿಂದ ತೆರಿಗೆ ವಸೂಲು ಮಾಡದೆ ತಮ್ಮ ವಹಿವಾಟಿನ ಮೇಲೆ ತಾವೇ ಗೊತ್ತಾದ ಪ್ರಮಾಣದಲ್ಲಿ ತೆರಿಗೆ ಕಟ್ಟುವ ವ್ಯವಸ್ಥೆ. ಮೂರನೆಯದು, ಶಾಖೆಗಳೆಲ್ಲ ಒಂದೇ ಹೆಸರಿನ ವ್ಯವಹಾರದಲ್ಲಿವೆಯೋ, ಅಥವಾ ಅಣ್ಣನದೊಂದು ತಮ್ಮನದೊಂದು ಎಂದು ಬೇರೆ ಬೇರೆ ನೋಂದಣಿಯಲ್ಲಿವೆಯೋ ಎಂಬುದು. ಬೇರೆ ಬೇರೆಯಾಗಿದ್ದರೆ ಮಂಡ್ಯದಲ್ಲಿ ಗಳಿಸಿದ ಪಾಯಿಂಟನ್ನು ಮೈಸೂರಿನಲ್ಲಿ ಬಳಸಿದಾಗ ಆ ಖರ್ಚು ಯಾರದು ಎಂಬುದನ್ನು ನೀವು ನಿಮ್ಮೊಳಗೆ ಬರವಣಿಗೆಯಲ್ಲಿ ತೀರ್ಮಾನಿಸಿಕೊಂಡು, ತಿಂಗಳ ಕೊನೆಗೆ ಲೆಕ್ಕ ಚುಕ್ತಾ ಮಾಡಿಕೊಳ್ಳಬೇಕು. ಅದನ್ನು ಗ್ರಾಹಕರ ಹಾಳೆಯಲ್ಲಿ ಬರೆಯುವ ಅಗತ್ಯವಿಲ್ಲ. ಅಲ್ಲಿ "ಎಲ್ಲ ಶಾಖೆಗಳಲ್ಲೂ ಬಳಸಬಹುದು" ಎಂದಷ್ಟೇ ಇರಬೇಕು, ಮತ್ತು ಅದು ನಿಜವಾಗಿರಬೇಕು.

ಹಂತ 1: ಎಷ್ಟಕ್ಕೆ ಒಂದು ಪಾಯಿಂಟ್, ಒಂದು ಪಾಯಿಂಟಿಗೆ ಎಷ್ಟು

ಎರಡು ಸಂಖ್ಯೆಗಳನ್ನು ಒಂದೇ ವಾಕ್ಯದಲ್ಲಿ ಹೇಳಿ. "ಪ್ರತಿ 25 ರೂಪಾಯಿಯ ತಿಂಡಿ-ಊಟಕ್ಕೆ 1 ಪಾಯಿಂಟ್, 1 ಪಾಯಿಂಟ್ ಎಂದರೆ 1 ರೂಪಾಯಿ ರಿಯಾಯಿತಿ." ಇದು ನೂರಕ್ಕೆ ನಾಲ್ಕು ರೂಪಾಯಿ ಬಿಟ್ಟುಕೊಟ್ಟಂತೆ. ನಿಮಗೆ ಅದು ಹೆಚ್ಚೆನಿಸಿದರೆ ಪಾಯಿಂಟಿನ ಬೆಲೆಯನ್ನು 50 ಪೈಸೆಗೆ ಇಳಿಸಬಹುದು. ಆದರೆ ಒಂದು ಪಾಯಿಂಟಿಗೆ ಒಂದು ರೂಪಾಯಿ ಎಂಬ ಲೆಕ್ಕ ಯಾರ ಬಾಯಲ್ಲಾದರೂ ನಿಲ್ಲುತ್ತದೆ. ಸಾಧ್ಯವಿದ್ದಷ್ಟೂ ಅದನ್ನೇ ಉಳಿಸಿಕೊಂಡು, ಗಳಿಕೆಯ ಮೊತ್ತವನ್ನು ಹೆಚ್ಚು ಕಡಿಮೆ ಮಾಡುವುದು ಒಳ್ಳೆಯದು.

ಇಲ್ಲಿ ನಿಮ್ಮ ಒಂದು ವಾರದ ಬಿಲ್ಲುಗಳು ಉಪಯೋಗಕ್ಕೆ ಬರುತ್ತವೆ. ದೊಡ್ಡ ರೆಸ್ಟೋರೆಂಟುಗಳ ನಿಯಮವನ್ನು ನೋಡಿ "ಪ್ರತಿ 100 ರೂಪಾಯಿಗೆ 4 ಪಾಯಿಂಟ್" ಎಂದು ಬರೆದರೆ ಲೆಕ್ಕದಲ್ಲಿ ಅದೂ ನೂರಕ್ಕೆ ನಾಲ್ಕೇ. ಆದರೆ ನಿಮ್ಮದು ತಿಂಡಿಯ ಹೋಟೆಲ್ ಆಗಿದ್ದು, ದಿನಾ ಬೆಳಗ್ಗೆ ಬಂದು ಒಂದು ಮಸಾಲೆ ದೋಸೆ, ಒಂದು ಕಾಫಿಗೆ 90 ರೂಪಾಯಿ ಕೊಟ್ಟು ಹೋಗುವವರೇ ನಿಮ್ಮ ಆಧಾರವಾಗಿದ್ದರೆ, ಅವರಿಗೆ ವರ್ಷವಿಡೀ ಒಂದು ಪಾಯಿಂಟೂ ಸೇರುವುದಿಲ್ಲ. ಭಾನುವಾರ ಒಂದು ದಿನ ಮನೆಮಂದಿಯೊಂದಿಗೆ ಬಂದವರಿಗೆ ಮಾತ್ರ ಸೇರುತ್ತದೆ. ಯಾರಿಗಾಗಿ ಯೋಜನೆ ಮಾಡಿದಿರೋ ಅವರೇ ಹೊರಗುಳಿಯುತ್ತಾರೆ. 25 ರೂಪಾಯಿಯ ಲೆಕ್ಕದಲ್ಲಾದರೆ ಆ 90 ರೂಪಾಯಿಗೆ 3 ಪಾಯಿಂಟ್ ಸಿಗುತ್ತದೆ, 15 ರೂಪಾಯಿ ಮಾತ್ರ ಲೆಕ್ಕಕ್ಕೆ ಬರದೆ ಉಳಿಯುತ್ತದೆ. ಆದ್ದರಿಂದ ಗಳಿಕೆಯ ಮೊತ್ತವು ನಿಮ್ಮ ಸಾಮಾನ್ಯ ಬೆಳಗಿನ ಬಿಲ್ಲಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಾಗದಂತೆ ನೋಡಿಕೊಳ್ಳಿ.

ಮುಂದೆ, ಯಾವ ಮೊತ್ತದ ಮೇಲೆ ಪಾಯಿಂಟ್ ಎಂಬುದನ್ನು ಹೇಳಬೇಕು. ಬಿಲ್ಲಿನಲ್ಲಿ ತಿಂಡಿ-ಊಟದ ಬೆಲೆ, ಪಾರ್ಸೆಲ್ ಡಬ್ಬಿಯ ಬೆಲೆ, ತೆರಿಗೆ ಹೀಗೆ ಹಲವು ಸಾಲುಗಳಿರುತ್ತವೆ. "ತೆರಿಗೆ ಸೇರಿಸುವ ಮೊದಲಿನ ತಿಂಡಿ-ಊಟದ ಬೆಲೆಯ ಮೇಲೆ" ಎಂದು ನೇರವಾಗಿ ಬರೆಯಿರಿ. ನೀರಿನ ಬಾಟಲಿ, ತಂಪು ಪಾನೀಯ ಮುಂತಾಗಿ ಎಂಆರ್‌ಪಿ ಮುದ್ರಿತವಾದ ವಸ್ತುಗಳಿಗೆ ನಿಮಗೆ ಸಿಗುವ ಲಾಭ ಕಡಿಮೆ, ಹಾಗಾಗಿ ಅವನ್ನು ಬಿಡುವುದಿದ್ದರೆ ಹೆಸರು ಹಿಡಿದು ಬಿಡಿ. "ಕೆಲವು ವಸ್ತುಗಳಿಗೆ ಅನ್ವಯಿಸುವುದಿಲ್ಲ" ಎಂಬ ಮಾತು ಯಾರಿಗೂ ಏನನ್ನೂ ತಿಳಿಸುವುದಿಲ್ಲ. ಆ್ಯಪ್ ಮೂಲಕ ಮನೆಗೆ ತರಿಸಿಕೊಳ್ಳುವ ಆರ್ಡರುಗಳನ್ನೂ ಹೀಗೆಯೇ ಸ್ಪಷ್ಟಪಡಿಸಬೇಕು. ಅಂಥ ಆರ್ಡರಿನಲ್ಲಿ ಹಣ ಪಡೆಯುವುದು ಆ ವೇದಿಕೆ, 2022ರ ಜನವರಿ 1ರಿಂದ ಆ ಊಟದ ಜಿಎಸ್‌ಟಿ ಕಟ್ಟುವ ಹೊಣೆಯೂ ವೇದಿಕೆಯದೇ. ಗ್ರಾಹಕರ ಮೊಬೈಲ್ ಸಂಖ್ಯೆ ನಿಮ್ಮ ಕೈಗೆ ಸಿಗುವುದೂ ಖಚಿತವಿಲ್ಲ. ಅದಕ್ಕೆ ಪಾಯಿಂಟ್ ಕೊಡುವುದಿಲ್ಲ ಎಂದಾದರೆ ಕಾರಣವನ್ನೂ ಅರ್ಧ ವಾಕ್ಯದಲ್ಲಿ ಸೇರಿಸಿ, ಯಾರೂ ಬೇಸರಿಸುವುದಿಲ್ಲ.

ಹಂತ 2: ಪಾಯಿಂಟ್ ಯಾರ ಹೆಸರಿಗೆ, ಯಾವಾಗ ಸೇರುತ್ತದೆ

ಈ ಯೋಜನೆಗಳಲ್ಲಿ ಸದ್ದಿಲ್ಲದೆ ನಡೆಯುವ ಸೋರಿಕೆಯೊಂದಿದೆ. ಗ್ರಾಹಕರು ಮೊಬೈಲ್ ಸಂಖ್ಯೆ ಕೊಡದೆ ಹೋದಾಗ ಕ್ಯಾಷಿಯರ್ ತನ್ನದೋ ತನ್ನ ಸ್ನೇಹಿತರದೋ ಸಂಖ್ಯೆ ಹಾಕಿ ಪಾಯಿಂಟ್ ಸೇರಿಸಿಕೊಳ್ಳುವುದು, ಮುಂದೆ ಅದನ್ನು ನಗದು ಬಿಲ್ಲಿನಲ್ಲಿ ಬಳಸಿ ವ್ಯತ್ಯಾಸದ ಹಣವನ್ನು ಗಲ್ಲಾದಿಂದ ತೆಗೆದುಕೊಳ್ಳುವುದು. ಇದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ: ಒಂದೇ ಸಂಖ್ಯೆಗೆ ಒಂದೇ ದಿನ ಬೇರೆ ಬೇರೆ ಹೊತ್ತಿನಲ್ಲಿ ನಾಲ್ಕೈದು ಬಿಲ್ಲುಗಳು ಸೇರಿರುತ್ತವೆ, ಮತ್ತು ಆ ಎಲ್ಲ ಬಿಲ್ಲುಗಳೂ ಒಬ್ಬರೇ ಕೂತಿದ್ದ ಪಾಳಿಯವು ಆಗಿರುತ್ತವೆ. ತಡೆಯಲು ನಿಯಮದಲ್ಲಿ ಎರಡು ವಾಕ್ಯ ಸಾಕು. "ಒಂದು ಸಂಖ್ಯೆಗೆ ದಿನಕ್ಕೆ ಎರಡು ಬಿಲ್ಲುಗಳವರೆಗೆ ಪಾಯಿಂಟ್ ಸೇರುತ್ತದೆ. ಪಾಯಿಂಟ್ ಬಳಸುವಾಗ ನಿಮ್ಮ ಮೊಬೈಲಿಗೆ ಬರುವ ಒಟಿಪಿಯನ್ನು ಹೇಳಬೇಕು." ಮೊದಲನೆಯದು ಸಾಫ್ಟ್‌ವೇರ್‌ನಲ್ಲೂ ಮಿತಿಯಾಗಿ ಹಾಕಿರಬೇಕು. ಹಾಳೆಯಲ್ಲಿ ಮಾತ್ರ ಇದ್ದು ಯಂತ್ರದಲ್ಲಿ ಇಲ್ಲದ ನಿಯಮವನ್ನು ಪಾಲಿಸುವವರು ಯಾರೂ ಇರುವುದಿಲ್ಲ.

ನಮ್ಮ ಕಡೆ ಮನೆಯವರೆಲ್ಲ ಒಂದೇ ಸಂಖ್ಯೆಯನ್ನು ಕೊಡುವುದು ಸಾಮಾನ್ಯ. ಅಪ್ಪನ ಸಂಖ್ಯೆಗೆ ಸೇರಿದ ಪಾಯಿಂಟನ್ನು ಮಗಳು ಬಂದು ಕೇಳಿದರೆ ಕೊಡಬೇಕೆ? ಒಟಿಪಿ ಹೇಳಿದವರಿಗೆ ಹಕ್ಕು ಎಂದು ಬರೆದರೆ ಈ ಪ್ರಶ್ನೆ ತಾನಾಗಿ ಬಗೆಹರಿಯುತ್ತದೆ: ಮಗಳು ಮನೆಗೆ ಫೋನ್ ಮಾಡಿ ಒಟಿಪಿ ಕೇಳಿಕೊಂಡರೆ ಆಯಿತು.

ಬಿಲ್ ಆದ ಮೇಲೆ "ಅಯ್ಯೋ, ನಂಬರ್ ಹೇಳುವುದು ಮರೆತೆ" ಎನ್ನುವವರಿಗೆ ಏಳು ದಿನಗಳ ಅವಕಾಶ ಕೊಡಿ, ಬಿಲ್ ತಂದು ತೋರಿಸಿದರೆ ಸೇರಿಸಿಕೊಡಿ. ಆದರೆ ಈ ಕೆಲಸವನ್ನು ಕ್ಯಾಷಿಯರ್ ಬದಲು ಶಾಖೆಯ ಮ್ಯಾನೇಜರ್ ಮಾಡಬೇಕು. ಇಲ್ಲದಿದ್ದರೆ ಮೇಜಿನ ಮೇಲೆ ಬಿಟ್ಟುಹೋದ ಬಿಲ್ಲುಗಳೆಲ್ಲ ಯಾರದೋ ಖಾತೆಗೆ ಸೇರುತ್ತವೆ.

ಮೊಬೈಲ್ ಸಂಖ್ಯೆ ಕೊಡದವರಿಗೆ ಬಿಲ್ ಕೊಡುವುದಿಲ್ಲ ಎನ್ನುವಂತಿಲ್ಲ, ಹಾಗೆ ಒತ್ತಾಯಿಸಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲಿಯೇ ವ್ಯಾಪಾರಿಗಳಿಗೆ ಸೂಚಿಸಿದೆ. ಸಂಖ್ಯೆಯನ್ನು ಪಾಯಿಂಟಿಗಾಗಿ ಮಾತ್ರ ಬಳಸುತ್ತೀರೋ, ಹೊಸ ತಿಂಡಿಯ ಜಾಹೀರಾತಿಗೂ ಬಳಸುತ್ತೀರೋ ಎಂಬುದನ್ನು ಬೇರೆ ಬೇರೆಯಾಗಿ ಕೇಳಿ ಒಪ್ಪಿಗೆ ಪಡೆಯಿರಿ. ಹಂತ ಹಂತವಾಗಿ ಜಾರಿಗೆ ಬರುತ್ತಿರುವ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂಥ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಯಲ್ಲಿ ಓದುವ ಆಯ್ಕೆ ಗ್ರಾಹಕರದು. ಹಾಗಾಗಿ ಕನ್ನಡದ ಹಾಳೆಯನ್ನು ಮೊದಲೇ ಸಿದ್ಧಮಾಡಿಟ್ಟರೆ ಎರಡು ಸಲ ಕೆಲಸ ಮಾಡುವುದು ತಪ್ಪುತ್ತದೆ.

ಹಂತ 3: ಪಾಯಿಂಟ್ ಯಾವಾಗ ಮುಗಿಯುತ್ತದೆ

"ಪಾಯಿಂಟುಗಳು ಒಂದು ವರ್ಷ ಚಾಲ್ತಿಯಲ್ಲಿರುತ್ತವೆ." ಬಹುಪಾಲು ಹಾಳೆಗಳಲ್ಲಿ ಕಾಣುವ ವಾಕ್ಯ ಇದು, ಮತ್ತು ಬಹುಪಾಲು ಜಗಳಗಳು ಇದರಿಂದಲೇ ಹುಟ್ಟುತ್ತವೆ. ಯಾವಾಗಿನಿಂದ ಒಂದು ವರ್ಷ? ಯೋಜನೆಗೆ ಸೇರಿದ ದಿನದಿಂದಲೇ, ಆ ಪಾಯಿಂಟ್ ಗಳಿಸಿದ ದಿನದಿಂದಲೇ, ಕೊನೆಯ ಸಲ ಬಂದ ದಿನದಿಂದಲೇ, ಅಥವಾ ಡಿಸೆಂಬರ್ 31ರವರೆಗೆಯೇ? ನಾಲ್ಕೂ ಅರ್ಥಗಳು ಆ ವಾಕ್ಯದಿಂದ ಹೊರಡುತ್ತವೆ. ಮಾಲೀಕರ ಮನಸ್ಸಿನಲ್ಲಿ ಒಂದು, ಸಾಫ್ಟ್‌ವೇರ್‌ನಲ್ಲಿ ಇನ್ನೊಂದು, ಗ್ರಾಹಕರ ಎಣಿಕೆಯಲ್ಲಿ ಮತ್ತೊಂದು ಇರುತ್ತದೆ. ಆದ್ದರಿಂದ ನಿಮ್ಮ ಯಂತ್ರದಲ್ಲಿ ಈಗ ಯಾವುದು ಇದೆ ಎಂಬುದನ್ನು ಮೊದಲು ಕೇಳಿ ತಿಳಿದುಕೊಳ್ಳಿ.

ಕೊನೆಯ ಸಲ ಬಂದ ದಿನದಿಂದ ಎಣಿಸುವ ಪದ್ಧತಿ ಗ್ರಾಹಕರಿಗೆ ಹಿತವಾದದ್ದು: ವರ್ಷಕ್ಕೊಮ್ಮೆ ಬಂದರೂ ಎಲ್ಲ ಪಾಯಿಂಟುಗಳೂ ಉಳಿಯುತ್ತವೆ. ಆದರೆ ಮೂರು ವರ್ಷ ಕೂಡಿಟ್ಟವರು ಒಂದೇ ದಿನ ಬಂದು ಬಳಸಿದಾಗ ಅದರ ಹೊರೆ ಸಣ್ಣ ಹೋಟೆಲಿಗೆ ತಿಳಿಯುತ್ತದೆ. ಗಳಿಸಿದ ದಿನದಿಂದ ಎಣಿಸುವ ಪದ್ಧತಿಯಲ್ಲಿ ಬಾಕಿ ಪಾಯಿಂಟುಗಳಿಗೆ ಒಂದು ಮಿತಿ ಇರುತ್ತದೆ, ಮುಂದಿನ ವರ್ಷ ಎಷ್ಟು ರಿಯಾಯಿತಿ ಕೊಡಬೇಕಾದೀತು ಎಂದು ಅಂದಾಜು ಮಾಡಬಹುದು. ಎರಡು ಮೂರು ಶಾಖೆಗಳ ಹೋಟೆಲಿಗೆ ನಾನು ಸೂಚಿಸುವುದು ಈ ಎರಡನೆಯದನ್ನೇ, ಆದರೆ ಎರಡು ತಿದ್ದುಪಡಿಗಳೊಂದಿಗೆ.

ಮೊದಲ ತಿದ್ದುಪಡಿ: ಪಾಯಿಂಟ್ ಮುಗಿಯುವುದು ಯಾವಾಗಲೂ ತಿಂಗಳ ಕೊನೆಯ ದಿನವೇ ಆಗಿರಲಿ. ಪ್ರತಿ ಬಿಲ್ಲಿಗೂ ಒಂದೊಂದು ತಾರೀಕು ಇದ್ದರೆ ವಾರಕ್ಕೆ ಐದು ಸಲ ಬರುವವರ ಪಾಯಿಂಟುಗಳು ವಾರಕ್ಕೆ ಐದು ಸಲ ಸ್ವಲ್ಪ ಸ್ವಲ್ಪವೇ ಉದುರುತ್ತವೆ. ಅದನ್ನು ನೆನಪಿಡುವುದು ಯಾರಿಂದಲೂ ಆಗದು.

ಎರಡನೆಯ ತಿದ್ದುಪಡಿ: ಹನ್ನೆರಡು ತಿಂಗಳ ಬದಲು ಹದಿಮೂರು ತಿಂಗಳು ಇಡಿ. ಇದಕ್ಕೆ ಕಾರಣ ನಮ್ಮ ದಸರೆ. ಮೈಸೂರಿನ ಶಾಖೆಗೆ ದಸರೆಯಲ್ಲಿ ಮಾತ್ರ ಬರುವ ಕುಟುಂಬಗಳಿರುತ್ತವೆ, ಮತ್ತು ಅವರ ಬಿಲ್ಲುಗಳೇ ದೊಡ್ಡವು. ಚಾಂದ್ರಮಾನದ ವರ್ಷ ಸುಮಾರು ಹನ್ನೊಂದು ದಿನ ಚಿಕ್ಕದಾದ್ದರಿಂದ ಹಬ್ಬ ಸಾಮಾನ್ಯವಾಗಿ ಹಿಂದಕ್ಕೆ ಸರಿಯುತ್ತದೆ, ಅಧಿಕ ಮಾಸ ಬಂದ ವರ್ಷ ಒಮ್ಮೆಗೇ ಮುಂದಕ್ಕೆ ಹೋಗುತ್ತದೆ. 2025ರಲ್ಲಿ ನವರಾತ್ರಿ ಸೆಪ್ಟೆಂಬರ್ 22ಕ್ಕೆ ಶುರುವಾಗಿ ಅಕ್ಟೋಬರ್ 2ರಂದು ವಿಜಯದಶಮಿ ಬಂತು. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ಹಬ್ಬ ಅಕ್ಟೋಬರ್ ಎರಡನೆಯ, ಮೂರನೆಯ ವಾರಕ್ಕೆ ಹೋಗಿದೆ. 2025ರ ಸೆಪ್ಟೆಂಬರ್ 28ರ ಭಾನುವಾರ ನಿಮ್ಮಲ್ಲಿ ಊಟ ಮಾಡಿದ ಕುಟುಂಬದ ಪಾಯಿಂಟುಗಳು ಹನ್ನೆರಡು ತಿಂಗಳ ನಿಯಮದಲ್ಲಿ, ತಿಂಗಳ ಕೊನೆಯವರೆಗೆ ಬಿಟ್ಟರೂ, 2026ರ ಸೆಪ್ಟೆಂಬರ್ 30ಕ್ಕೆ ಮುಗಿದುಹೋಗುತ್ತವೆ. ಅವರು ಮುಂದಿನ ದಸರೆಗೆಂದೇ ಕಾದಿಟ್ಟು ಬಂದಾಗ ಖಾತೆಯಲ್ಲಿ ಸೊನ್ನೆ ಇರುತ್ತದೆ. ಹದಿಮೂರು ತಿಂಗಳಾದರೆ ಅಕ್ಟೋಬರ್ 31ರವರೆಗೆ ಉಳಿಯುತ್ತವೆ. ಯುಗಾದಿಗೋ ಊರಹಬ್ಬಕ್ಕೋ ವರ್ಷಕ್ಕೊಮ್ಮೆ ಬರುವವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಹಾಳೆಯಲ್ಲಿ ಇದನ್ನು ಹೀಗೆ ಬರೆಯಬಹುದು: "ಒಂದು ತಿಂಗಳಲ್ಲಿ ಗಳಿಸಿದ ಪಾಯಿಂಟುಗಳನ್ನು ಮುಂದಿನ ಹದಿಮೂರನೆಯ ತಿಂಗಳ ಕೊನೆಯ ದಿನ ಹೋಟೆಲ್ ಮುಚ್ಚುವವರೆಗೆ ಬಳಸಬಹುದು. ಉದಾಹರಣೆಗೆ, 2025ರ ಸೆಪ್ಟೆಂಬರಿನಲ್ಲಿ ಗಳಿಸಿದ್ದನ್ನು 2026ರ ಅಕ್ಟೋಬರ್ 31ರ ರಾತ್ರಿಯವರೆಗೆ." ಉದಾಹರಣೆಯ ವಾಕ್ಯವನ್ನು ಬಿಡಬೇಡಿ. ಓದುವವರು ನಿಯಮಕ್ಕಿಂತ ಮೊದಲು ನೋಡುವುದು ಅದನ್ನೇ.

ಅವಧಿಗೆ ಸಂಬಂಧಿಸಿದ ಇನ್ನೊಂದು ನಿಯಮವನ್ನು ಹೆಚ್ಚಿನವರು ಬರೆಯುವುದೇ ಇಲ್ಲ: ಬಳಸುವಾಗ ಮೊದಲು ಯಾವ ಪಾಯಿಂಟುಗಳು ಕಳೆಯುತ್ತವೆ? "ಹಳೆಯವು ಮೊದಲು" ಎಂದಿರಬೇಕು. ಹೊಸದು ಮೊದಲು ಕಳೆದರೆ ಹಳೆಯವು ಖಾತೆಯಲ್ಲೇ ಉಳಿದು ಅವಧಿ ಮುಗಿದು ಹೋಗುತ್ತವೆ, ಮತ್ತು ಗ್ರಾಹಕರಿಗೆ ತಾನು ಕಳೆದುಕೊಂಡದ್ದು ಗೊತ್ತೇ ಆಗುವುದಿಲ್ಲ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಇದು ಆಯ್ಕೆಯಾಗಿ ಇರುತ್ತದೆ, ತಪ್ಪಾದ ಆಯ್ಕೆ ಒತ್ತಿ ಹೋಗಿದ್ದರೆ ಬಿಲ್ ನೋಡಿ ಕಂಡುಹಿಡಿಯಲಾಗದು. ಮುಂದೆ ಕೊಟ್ಟಿರುವ ಲೆಕ್ಕವನ್ನು ನಿಮ್ಮ ಯಂತ್ರದಲ್ಲಿ ಒಂದು ಪರೀಕ್ಷಾ ಸಂಖ್ಯೆ ಹಾಕಿ ಮಾಡಿನೋಡಿದರೆ ತಿಳಿಯುತ್ತದೆ.

ಮುಗಿಯುವ ಮೊದಲು ತಿಳಿಸುವುದನ್ನೂ ನಿಯಮದಲ್ಲಿ ಸೇರಿಸಿ: "ಪಾಯಿಂಟ್ ಮುಗಿಯುವುದಕ್ಕೆ ಹದಿನೈದು ದಿನ ಮೊದಲು ಎಸ್ಎಂಎಸ್ ಕಳಿಸುತ್ತೇವೆ." ಇದನ್ನು ಬರೆದ ಮೇಲೆ ಕಳಿಸಲೇಬೇಕು, ಆದ್ದರಿಂದ ಮೊದಲೇ ವ್ಯವಸ್ಥೆ ಮಾಡಿಕೊಳ್ಳಿ. ವ್ಯಾಪಾರಿ ಸಂಸ್ಥೆಗಳು ಕಳಿಸುವ ಎಸ್ಎಂಎಸ್‌ಗೆ ಕಳಿಸುವವರ ಹೆಸರು ಮತ್ತು ಸಂದೇಶದ ಮಾದರಿ ಎರಡನ್ನೂ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ದಾಖಲಿಸಿರಬೇಕು. ದಾಖಲಿಸದ ಸಂದೇಶ ಗ್ರಾಹಕರನ್ನು ತಲುಪುವುದಿಲ್ಲ. ಕನ್ನಡದಲ್ಲಿ ಒಂದು ಎಸ್ಎಂಎಸ್‌ಗೆ 70 ಅಕ್ಷರಗಳ ಮಿತಿ, ಒತ್ತಕ್ಷರ, ಗುಣಿತ, ಖಾಲಿ ಜಾಗ ಎಲ್ಲವೂ ಆ ಲೆಕ್ಕದಲ್ಲಿ ಬರುತ್ತವೆ. ಮಿತಿ ಮೀರಿದರೆ ಎರಡು ಎಸ್ಎಂಎಸ್‌ಗಳ ದರ ಬೀಳುತ್ತದೆ. ಎಷ್ಟು ಪಾಯಿಂಟ್, ಯಾವ ತಾರೀಕು ಎಂಬ ಎರಡನ್ನು ಮೊದಲು ಹಾಕಿ, ನಮಸ್ಕಾರ-ಶುಭಾಶಯಗಳಿಗೆ ಜಾಗ ಉಳಿದರೆ ನೋಡಿ.

ಹಂತ 4: ಪಾಯಿಂಟ್ ಬಳಸುವ ನಿಯಮ

ಬಳಕೆಗೆ ಎರಡು ಮಿತಿಗಳು ಸಾಕು. ಖಾತೆಯಲ್ಲಿ ಕನಿಷ್ಠ 50 ಪಾಯಿಂಟ್ ಇದ್ದಾಗ ಬಳಸಲು ಆರಂಭಿಸಬಹುದು ಎಂಬುದು ಒಂದು. ಒಂದು ಬಿಲ್ಲಿನ ತಿಂಡಿ-ಊಟದ ಬೆಲೆಯ ಅರ್ಧದವರೆಗೆ ಬಳಸಬಹುದು ಎಂಬುದು ಇನ್ನೊಂದು. ಮೂರನೆಯ, ನಾಲ್ಕನೆಯ ಮಿತಿಗಳನ್ನು (ಭಾನುವಾರ ಇಲ್ಲ, ಸಂಜೆ ಇಲ್ಲ, ಕನಿಷ್ಠ ಇಷ್ಟು ಬಿಲ್ ಆಗಿರಬೇಕು ಇತ್ಯಾದಿ) ಸೇರಿಸುತ್ತಾ ಹೋದರೆ ಕ್ಯಾಷಿಯರ್‌ಗೆ ನೆನಪಿರುವುದಿಲ್ಲ, ಊಟದ ಹೊತ್ತಿನ ಸಾಲಿನಲ್ಲಿ ನಿಂತು ವಾದ ಮಾಡುವುದು ಅವರ ಪಾಲಿಗೆ ಬರುತ್ತದೆ. ಕನಿಷ್ಠ ಮಿತಿ ಇಡುವಾಗ ಅವಧಿಯೊಂದಿಗೆ ಹೋಲಿಸಿನೋಡಿ. ಹದಿಮೂರು ತಿಂಗಳಲ್ಲಿ ನಿಮ್ಮ ಸಾಧಾರಣ ಗ್ರಾಹಕರಿಗೆ ಮುಟ್ಟಲಾಗದ ಕನಿಷ್ಠ ಮಿತಿ ಇಟ್ಟರೆ ಪಾಯಿಂಟ್ ಕೊಟ್ಟೂ ಕೊಡದಂತಾಗುತ್ತದೆ. 50 ಪಾಯಿಂಟ್ ಎಂದರೆ 1,250 ರೂಪಾಯಿಯ ತಿಂಡಿ-ಊಟ.

ಬಿಲ್ ಮುದ್ರಿಸುವ ಮೊದಲೇ ಕೇಳಬೇಕು ಎಂಬುದನ್ನೂ ಬರೆಯಿರಿ. ಇದು ನಿಮ್ಮ ಅನುಕೂಲಕ್ಕಷ್ಟೇ ಅಲ್ಲ, ತೆರಿಗೆಯ ಲೆಕ್ಕಕ್ಕೂ ಬೇಕು. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 15ನೆಯ ಸೆಕ್ಷನ್ನಿನ ಮೂರನೆಯ ಉಪಸೆಕ್ಷನ್ ಪ್ರಕಾರ, ಮಾರಾಟದ ಹೊತ್ತಿನಲ್ಲೇ ಅಥವಾ ಅದಕ್ಕೆ ಮೊದಲು ಕೊಟ್ಟು ಬಿಲ್ಲಿನಲ್ಲಿ ದಾಖಲಿಸಿದ ರಿಯಾಯಿತಿ ತೆರಿಗೆ ಹಾಕುವ ಮೊತ್ತದಲ್ಲಿ ಸೇರುವುದಿಲ್ಲ. ಅಂದರೆ ಪಾಯಿಂಟಿನ ರಿಯಾಯಿತಿಯನ್ನು ಬೆಲೆಯಿಂದ ಮೊದಲು ಕಳೆದು, ಉಳಿದದ್ದಕ್ಕೆ ತೆರಿಗೆ ಹಾಕಬಹುದು. ಇಲ್ಲಿ ಸಾಫ್ಟ್‌ವೇರ್‌ನ ಜೋಡಣೆಯನ್ನು ಗಮನಿಸಿ: ಕೆಲವದರಲ್ಲಿ ಪಾಯಿಂಟನ್ನು ನಗದು, ಯುಪಿಐಗಳ ಸಾಲಿನಲ್ಲಿ ಹಣ ಕೊಡುವ ಒಂದು ವಿಧಾನವಾಗಿ ಸೇರಿಸಿರುತ್ತಾರೆ. ಆಗ ಪೂರ್ತಿ ಬೆಲೆಗೆ ತೆರಿಗೆ ಬೀಳುತ್ತದೆ, ಗ್ರಾಹಕರು ತೆರುವ ಮೊತ್ತವೂ ಬದಲಾಗುತ್ತದೆ. ನಿಮಗೆ ಯಾವುದು ಸರಿ ಎಂದು ನಿಮ್ಮ ತೆರಿಗೆ ಸಲಹೆಗಾರರನ್ನು ಕೇಳಿ ತೀರ್ಮಾನಿಸಿ, ಹಾಳೆಯಲ್ಲಿ ಬರೆದದ್ದೂ ಬಿಲ್ಲಿನಲ್ಲಿ ಬರುವುದೂ ಒಂದೇ ಆಗಿರಲಿ. ಕಾಂಪೊಸಿಷನ್ ಪದ್ಧತಿಯವರ ಬಿಲ್ಲಿನಲ್ಲಿ ತೆರಿಗೆಯ ಸಾಲೇ ಇರುವುದಿಲ್ಲವಾದ್ದರಿಂದ ಅವರು ಬೆಲೆಯಿಂದ ಪಾಯಿಂಟ್ ಕಳೆದರೆ ಮುಗಿಯಿತು.

ಪಾಯಿಂಟಿಗೆ ಬದಲಾಗಿ ನಗದು ಕೊಡುವುದಿಲ್ಲ ಎಂದು ಬರೆಯಿರಿ. ಮುಂಗಡ ಹಣ ಕೊಟ್ಟು ಕೊಂಡ ಊಟದ ಕೂಪನ್ನುಗಳನ್ನು ಈ ಪಾಯಿಂಟುಗಳೊಂದಿಗೆ ಬೆರೆಸಬೇಡಿ. ಅದು ಗ್ರಾಹಕರು ತಮ್ಮ ಜೇಬಿನಿಂದ ಕೊಟ್ಟ ದುಡ್ಡು, ಅದರ ಅವಧಿ ಮತ್ತು ವಾಪಸಾತಿಯ ಲೆಕ್ಕ ಬೇರೆಯೇ ಇರಬೇಕು.

ಹಂತ 5: ಒಂದು ಖಾತೆಯನ್ನು ಪೂರ್ತಿ ಲೆಕ್ಕ ಮಾಡಿನೋಡಿ

ಮಂಡ್ಯದಲ್ಲಿರುವ ಒಬ್ಬ ಶಿಕ್ಷಕಿ ನಿಮ್ಮ ಗ್ರಾಹಕರು ಎಂದುಕೊಳ್ಳೋಣ. 2025ರ ಏಪ್ರಿಲ್ 12ರಂದು ಮಂಡ್ಯದ ಶಾಖೆಯಲ್ಲಿ ತೆರಿಗೆಗೆ ಮೊದಲು 640 ರೂಪಾಯಿಯ ಊಟ ಮಾಡುತ್ತಾರೆ. 25ರಂತೆ ಭಾಗಿಸಿದರೆ 25 ಪಾಯಿಂಟ್, ಉಳಿದ 15 ರೂಪಾಯಿಗೆ ಏನೂ ಇಲ್ಲ. ಇವು ಮುಗಿಯುವುದು 2026ರ ಮೇ 31ಕ್ಕೆ. ಸೆಪ್ಟೆಂಬರ್ 28ರಂದು ದಸರೆಗೆ ಮನೆಯವರೊಂದಿಗೆ ಮೈಸೂರಿಗೆ ಬಂದು 1,980 ರೂಪಾಯಿಯ ಊಟ: 79 ಪಾಯಿಂಟ್, 2026ರ ಅಕ್ಟೋಬರ್ 31ರವರೆಗೆ. 2026ರ ಜನವರಿ 18ರಂದು 300 ರೂಪಾಯಿಗೆ 12 ಪಾಯಿಂಟ್, 2027ರ ಫೆಬ್ರವರಿ 28ರವರೆಗೆ. ಖಾತೆಯಲ್ಲಿ ಒಟ್ಟು 116.

2026ರ ಮಾರ್ಚ್ 8ರಂದು ಅವರು 460 ರೂಪಾಯಿಯ ತಿಂಡಿ ತೆಗೆದುಕೊಂಡು 60 ಪಾಯಿಂಟ್ ಬಳಸುತ್ತೇನೆ ಎನ್ನುತ್ತಾರೆ. ಖಾತೆಯಲ್ಲಿ 50ಕ್ಕಿಂತ ಹೆಚ್ಚಿದೆ, 60 ಎಂಬುದು 460ರ ಅರ್ಧವಾದ 230ರೊಳಗಿದೆ, ಆದ್ದರಿಂದ ಬಳಸಬಹುದು. ಒಟಿಪಿ ಹೇಳುತ್ತಾರೆ. ಬಿಲ್ಲಿನಲ್ಲಿ 460ರಿಂದ 60 ಕಳೆದು 400, ಅದಕ್ಕೆ ಶೇಕಡಾ 5ರ ಜಿಎಸ್‌ಟಿ 20, ಕೊಡಬೇಕಾದದ್ದು 420 ರೂಪಾಯಿ. ಪಾಯಿಂಟನ್ನು ಹಣ ಕೊಡುವ ವಿಧಾನವಾಗಿ ಜೋಡಿಸಿದ ಯಂತ್ರದಲ್ಲಾದರೆ 460ಕ್ಕೆ ತೆರಿಗೆ 23 ಆಗಿ, 483ರಲ್ಲಿ 60 ಕಳೆದು 423 ಬರುತ್ತದೆ. ಮೂರೇ ರೂಪಾಯಿ, ಆದರೆ ನಿಮ್ಮ ಯಂತ್ರ ಯಾವ ದಾರಿಯಲ್ಲಿದೆ ಎಂಬುದು ಆ ಮೂರು ರೂಪಾಯಿಯಿಂದ ತಿಳಿಯುತ್ತದೆ.

ಈಗ ಯಾವ 60 ಕಳೆಯಿತು? ಹಳೆಯವು ಮೊದಲು ಎಂಬ ನಿಯಮದಂತೆ ಏಪ್ರಿಲಿನ 25 ಪೂರ್ತಿ ಹೋಗಿ, ಸೆಪ್ಟೆಂಬರಿನದರಲ್ಲಿ 35 ಹೋಗುತ್ತದೆ. ಉಳಿದದ್ದು ಸೆಪ್ಟೆಂಬರಿನ 44, ಜನವರಿಯ 12. ಇವತ್ತಿನ 400 ರೂಪಾಯಿಗೆ ಹೊಸದಾಗಿ 16 ಸೇರಿ ಒಟ್ಟು 72. (ರಿಯಾಯಿತಿ ಕಳೆದ ಮೇಲಿನ ಮೊತ್ತಕ್ಕೆ ಪಾಯಿಂಟ್ ಎಂಬುದನ್ನೂ ಹಾಳೆಯಲ್ಲಿ ಹೇಳಿರಬೇಕು.) ಹೊಸದು ಮೊದಲು ಕಳೆಯುವ ಯಂತ್ರದಲ್ಲೂ ಅಂದಿನ ರಸೀದಿಯಲ್ಲಿ ಒಟ್ಟು 72 ಎಂದೇ ಬರುತ್ತದೆ. ಆದರೆ ಅದರೊಳಗೆ ಏಪ್ರಿಲಿನ 25 ಹಾಗೇ ಕೂತಿರುತ್ತದೆ, ಮೇ 31ರ ರಾತ್ರಿ ಅಳಿಸಿ ಹೋಗುತ್ತದೆ, ಜೂನ್ ತಿಂಗಳಲ್ಲಿ ಬಂದಾಗ 47 ಕಾಣುತ್ತದೆ. ಆಗ ಅವರು ಕನಿಷ್ಠ ಮಿತಿಯಾದ 50ಕ್ಕಿಂತಲೂ ಕೆಳಗಿರುತ್ತಾರೆ. ಮೂರು ತಿಂಗಳ ಹಿಂದೆ 72 ನೋಡಿದವರಿಗೆ ಇದನ್ನು ವಿವರಿಸಲು ಯಾವ ಕ್ಯಾಷಿಯರ್‌ಗೂ ಆಗುವುದಿಲ್ಲ. ಆದ್ದರಿಂದ ರಸೀದಿಯ ಕೆಳಗೆ ಒಟ್ಟು ಪಾಯಿಂಟಿನ ಜೊತೆಗೆ "ಮೊದಲು ಮುಗಿಯುವವು: 44, ಅಕ್ಟೋಬರ್ 31" ಎಂಬ ಒಂದು ಸಾಲು ಮುದ್ರಣವಾಗುವಂತೆ ಮಾಡಿಸಿ.

ಹಂತ 6: ಬಿಲ್ ರದ್ದಾದಾಗ

ತಟ್ಟೆ ವಾಪಸಾಗುವುದು, ತಪ್ಪು ಬಿಲ್ ಆಗುವುದು ಹೋಟೆಲಿನಲ್ಲಿ ಇದ್ದದ್ದೇ. ರದ್ದಾದ ಬಿಲ್ಲಿನಿಂದ ಸೇರಿದ ಪಾಯಿಂಟ್ ವಾಪಸು ಹೋಗಬೇಕು, ಬಳಸಿದ ಪಾಯಿಂಟ್ ಖಾತೆಗೆ ಮರಳಬೇಕು. ಮರಳುವಾಗ ಅವುಗಳ ಹಳೆಯ ಅವಧಿಯೇ ಇರಲಿ. ಆ ಅವಧಿ ಅಷ್ಟರಲ್ಲಿ ಮುಗಿದಿದ್ದರೆ ಅಥವಾ ಮುಗಿಯಲು ಕೆಲವೇ ದಿನಗಳಿದ್ದರೆ 30 ದಿನ ಕೊಡಿ, ಏಕೆಂದರೆ ಅವರು ಅವಧಿಯೊಳಗೇ ಬಳಸಿದ್ದರು.

ಹಂತ 7: ನಿಯಮ ಬದಲಾದರೆ, ಯೋಜನೆ ನಿಂತರೆ

ನಕಲು ಮಾಡಿದ ಹಾಳೆಗಳ ಕೊನೆಯಲ್ಲಿ "ಯಾವುದೇ ಮುನ್ಸೂಚನೆ ಇಲ್ಲದೆ ಯೋಜನೆಯನ್ನು ಬದಲಿಸುವ ಅಥವಾ ನಿಲ್ಲಿಸುವ ಹಕ್ಕನ್ನು ಕಾಯ್ದಿರಿಸಲಾಗಿದೆ" ಎಂಬ ಸಾಲು ಇರುತ್ತದೆ. ಇದನ್ನು ಹೊಡೆದುಹಾಕಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನ್ಯಾಯದ ಕರಾರು ಎಂಬುದಕ್ಕೆ ಕೊಟ್ಟಿರುವ ವಿವರಣೆಯಲ್ಲಿ, ಸಕಾರಣವಿಲ್ಲದೆ ಒಂದೇ ಪಕ್ಷ ಕರಾರನ್ನು ಕೊನೆಗೊಳಿಸುವ ಅಧಿಕಾರ ಇಟ್ಟುಕೊಳ್ಳುವುದೂ ಸೇರಿದೆ. ಕಾನೂನಿನ ಮಾತು ಹಾಗಿರಲಿ, ಕೂಡಿಟ್ಟದ್ದನ್ನು ರಾತ್ರೋರಾತ್ರಿ ಅಳಿಸಿದ ಹೋಟೆಲಿಗೆ ಊರಿನವರು ಮತ್ತೆ ಬರುವುದಿಲ್ಲ.

ಅದರ ಬದಲು ಮೂರು ಭರವಸೆಗಳನ್ನು ಬರೆಯಿರಿ. ಬದಲಾವಣೆಯನ್ನು 30 ದಿನ ಮೊದಲು ಎಲ್ಲ ಶಾಖೆಗಳಲ್ಲೂ ಹಾಕಿ, ಎಸ್ಎಂಎಸ್ ಕಳಿಸುತ್ತೇವೆ. ಈಗಾಗಲೇ ಗಳಿಸಿದ ಪಾಯಿಂಟಿನ ಬೆಲೆಯನ್ನಾಗಲಿ ಅವಧಿಯನ್ನಾಗಲಿ ಕಡಿಮೆ ಮಾಡುವುದಿಲ್ಲ. ಯೋಜನೆ ನಿಲ್ಲಿಸಿದರೆ ಹೊಸ ಪಾಯಿಂಟ್ ನಿಂತ ದಿನದಿಂದ 60 ದಿನಗಳವರೆಗೆ, ಕನಿಷ್ಠ ಮಿತಿ ಇಲ್ಲದೆ, ಉಳಿದದ್ದನ್ನು ಬಳಸಬಹುದು. ಈ ಕೊನೆಯ ಎರಡು ಭರವಸೆಗಳು ಒಂದಕ್ಕೊಂದು ಅಡ್ಡ ಬರದಂತೆ, "ಯೋಜನೆಯೇ ನಿಂತ ಸಂದರ್ಭ ಬಿಟ್ಟು" ಎಂಬ ಮಾತನ್ನು ಎರಡನೆಯದಕ್ಕೆ ಸೇರಿಸಿ.

ಈ ಭರವಸೆಗಳನ್ನು ಉಳಿಸಿಕೊಳ್ಳಲು ಪ್ರತಿ ತಿಂಗಳ ಕೊನೆಗೆ ಎಲ್ಲ ಗ್ರಾಹಕರ ಬಾಕಿ ಪಾಯಿಂಟುಗಳ ಒಟ್ಟು ಮೊತ್ತವನ್ನು ತೆಗೆದು ಬರೆದಿಡಿ. ಪಾಯಿಂಟಿಗೆ ಒಂದು ರೂಪಾಯಿ ಆದ್ದರಿಂದ ಆ ಸಂಖ್ಯೆಯೇ ನೀವು ಊರಿನವರಿಗೆ ಕೊಡಬೇಕಾದ ರಿಯಾಯಿತಿಯ ಬಾಕಿ.

ಹಂತ 8: ಹಾಕುವ ಮೊದಲು ಓದಿಸಿ

ಪೂರ್ತಿ ನಿಯಮಗಳು ಎ4 ಹಾಳೆಯ ಒಂದು ಮಗ್ಗುಲಿನಲ್ಲಿ, ಕೈಯಳತೆ ದೂರದಿಂದ ಓದಬಹುದಾದ ಅಕ್ಷರದಲ್ಲಿ ಹಿಡಿಯಬೇಕು. ಹಿಡಿಯದಿದ್ದರೆ ಅಕ್ಷರವನ್ನು ಚಿಕ್ಕದು ಮಾಡದೆ ನಿಯಮವನ್ನು ಕಡಿಮೆ ಮಾಡಿ. ಮೇಲ್ಭಾಗದಲ್ಲಿ ಜಾರಿಗೆ ಬಂದ ತಾರೀಕು, ಕೆಳಗೆ ದೂರು ಹೇಳಬೇಕಾದ ನಿಮ್ಮದೇ ಒಂದು ದೂರವಾಣಿ ಸಂಖ್ಯೆ ಇರಲಿ. ಎಲ್ಲ ಶಾಖೆಗಳಲ್ಲೂ ಅದೇ ತಾರೀಕಿನ ಹಾಳೆ ಇದೆಯೇ ಎಂದು ಒಮ್ಮೆ ಹೋಗಿ ನೋಡಿ, ಮೈಸೂರಿನಲ್ಲಿ ಹೊಸದು, ಮಂಡ್ಯದಲ್ಲಿ ಹಳೆಯದು ಅಂಟಿಕೊಂಡಿರುವುದು ಅಪರೂಪವಲ್ಲ.

ನಂತರ ಈ ಹಾಳೆಯನ್ನು ಬರೆಯುವಾಗ ಜೊತೆಯಲ್ಲಿರದ ಒಬ್ಬ ಕ್ಯಾಷಿಯರ್‌ಗೆ ಕೊಟ್ಟು, ನಾಲ್ಕು ಪ್ರಶ್ನೆ ಕೇಳಿ. 90 ರೂಪಾಯಿಯ ಬಿಲ್ಲಿಗೆ ಎಷ್ಟು ಪಾಯಿಂಟ್? ಈ ತಿಂಗಳು ಗಳಿಸಿದ್ದು ಯಾವ ತಾರೀಕಿಗೆ ಮುಗಿಯುತ್ತದೆ? ಖಾತೆಯಲ್ಲಿ 200 ಪಾಯಿಂಟ್ ಇದ್ದವರು 300 ರೂಪಾಯಿಯ ಬಿಲ್ಲಿಗೆ ಎಷ್ಟು ಬಳಸಬಹುದು? ನಿನ್ನೆ ರದ್ದಾದ ಬಿಲ್ಲಿನ ಪಾಯಿಂಟ್ ಏನಾಯಿತು? ಮೊದಲನೆಯದಕ್ಕೆ 3, ಮೂರನೆಯದಕ್ಕೆ 150 ಎಂಬ ಉತ್ತರ ಯಾರನ್ನೂ ಕೇಳದೆ, ಹಾಳೆಯಿಂದಲೇ ಬರಬೇಕು. ಎಲ್ಲಿ ಅವರು ತಡವರಿಸುತ್ತಾರೋ ಆ ವಾಕ್ಯವನ್ನು ತಿದ್ದಿ, ಅದರ ಕೆಳಗೆ ಒಂದು ಉದಾಹರಣೆ ಸೇರಿಸಿ, ಆಮೇಲೆ ಮುದ್ರಣಕ್ಕೆ ಕೊಡಿ.